ಖಾಲಿ ಬಿದ್ದ ಡೀಕನ್ ಜಾಗ

ಆಕ್ಸಿರಿಂಕಸ್ ಪಟ್ಟಣ, ಈಜಿಪ್ಟ್
ದೊರೆ ಕಾನ್‌ಸ್ಟಂಟೈನನ ಇಪ್ಪತ್ತೊಂದನೆಯ ವರ್ಷ, ಹಾಥೂರ್ ತಿಂಗಳ ಹನ್ನೆರಡು

ಮುದ್ದಿನ ಮೊಮ್ಮಗ ಸರ್ಮಾತೆಸ್‌ಗೆ,

ಹೇಗಿದ್ದೀಯ ಕಂದಾ? ಅಲೆಕ್ಸಾಂಡ್ರಿಯದ ಸಮುದ್ರದ ಗಾಳಿಗೆ ನಿನ್ನ ಕೆಮ್ಮು ಕಡಿಮೆಯಾಯಿತೆ? ನಾನು ಚೆನ್ನಾಗಿದ್ದೇನೆ. ಹಲ್ಲಿಲ್ಲದಿದ್ದರೂ ಖರ್ಜೂರ ಬಿಟ್ಟಿಲ್ಲ.

ಇಲ್ಲಿ ನಮ್ಮ ದೇವಾಲಯದ ಸೇವಕರಾಗಿದ್ದ ಡೀಕನ್ ಒಬ್ಬರು ತೀರಿಕೊಂಡರು. ಬಡ ವಿಧವೆಯರಿಗೆ ಗೋಧಿ ಹಂಚುತ್ತಿದ್ದವರು. ಮಣ್ಣು ಮಾಡಿ ಮೂರು ದಿನವಾಗಿಲ್ಲ, ಆ ಜಾಗ ನಿನಗೇ ಆಗಬೇಕೆಂದು ನಿನ್ನ ಅಪ್ಪ ಹೋರಿಯನ್ ಓಡಾಡುತ್ತಿದ್ದಾನೆ. ದೇವರ ಸೇವಕರಿಗೆ ನಗರಸಭೆಯ ಹೊರೆಯಿಲ್ಲ ಎಂದು ದೊರೆ ಆಜ್ಞೆ ಮಾಡಿದ್ದೇ ತಡ, ಊರಿನ ಸಿರಿವಂತರಿಗೆಲ್ಲ ಭಕ್ತಿ ಉಕ್ಕಿತು. ಅದನ್ನು ಕಂಡು, ಸತ್ತವರ ಜಾಗಕ್ಕಷ್ಟೇ ಹೊಸಬರು, ಅದೂ ನಮ್ಮಂಥ ನಗರಸಭೆಯ ಮನೆತನದವರು ಬೇಡ ಎಂದು ಮತ್ತೊಂದು ಆಜ್ಞೆ ಹೊರಟಿದೆಯಂತೆ. ಅದು ಇಲ್ಲಿಗೆ ಮುಟ್ಟುವುದರೊಳಗೆ ಕೆಲಸ ಮುಗಿಸಬೇಕೆಂದು ಅವನ ಅವಸರ. ಮುಂದಿನ ವರ್ಷ ಊರಿನ ಸ್ನಾನಗೃಹಕ್ಕೆ ಸ್ವಂತ ಖರ್ಚಿನಲ್ಲಿ ಸೌದೆ ಒದಗಿಸುವ ಸರದಿ ನಮ್ಮ ಮನೆಯಿಂದ ನಿನ್ನದಲ್ಲವೆ?

ಅವನನ್ನು ಬೈಯಬೇಡ. ಹೆದರಿದವನು. ಯೇಸುವನ್ನು ಶಿಲುಬೆಗೇರಿಸಿ ಮುನ್ನೂರು ವರ್ಷವಾಗುತ್ತ ಬಂತು. ಅಷ್ಟರಲ್ಲಿ ನಿಶ್ಚಿಂತೆಯಿಂದ ಕಳೆದ ವರ್ಷಗಳು ಎಷ್ಟು? ಮೊದಮೊದಲು ಕ್ರೈಸ್ತರು ಯಾರದೋ ಕೋಣೆಯಲ್ಲಿ ಸೇರಿ ರೊಟ್ಟಿ ಹಂಚಿಕೊಳ್ಳುತ್ತಿದ್ದರಂತೆ. ನೆರೆಯವರು ಚಾಡಿ ಹೇಳಿದರೆ ಮಾತ್ರ ಅಪಾಯ. ನಾನು ಹುಟ್ಟುವ ಮೊದಲು ದೊರೆ ಡೇಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಕೊಟ್ಟು ಚೀಟಿ ಪಡೆಯಬೇಕೆಂದ. ನನ್ನಮ್ಮ ಪಡೆದಳು, ಆಗ ನಾವು ಕ್ರೈಸ್ತರಲ್ಲ. ಪಕ್ಕದ ಮನೆಯ ಥಾಯೆಸಿಸ್ ಕ್ರೈಸ್ತಳು; ಒಲ್ಲೆನೆಂದು ಸೆರೆಮನೆ ಸೇರಿದಳು. ಮುಂದೆ ಪಿಡುಗು ಬಂದಾಗ ನೆಂಟರು ನಮ್ಮನ್ನು ಬಿಟ್ಟು ಓಡಿದರು. ಗಂಜಿ ಕುಡಿಸಿ, ಸತ್ತ ನನ್ನ ತಮ್ಮನನ್ನು ಹೂತವಳು ಸೆರೆಯಿಂದ ಬಿಡುಗಡೆಯಾಗಿದ್ದ ಅದೇ ಥಾಯೆಸಿಸ್. ನಮ್ಮ ಮನೆ ಕ್ರೈಸ್ತವಾದದ್ದು ಹಾಗೆ.

ಆಮೇಲೆ ನಲವತ್ತು ವರ್ಷ ಯಾರೂ ಕೇಳಲಿಲ್ಲ. ಬೀದಿಯಲ್ಲೇ ದೇವಾಲಯ ಕಟ್ಟಿದೆವು. ಡಯೊಕ್ಲೀಶಿಯನ್ ಅದನ್ನು ಕೆಡವಿಸಿ, ಗ್ರಂಥ ಸುಡಿಸಿದ. ಗ್ರಂಥ ಓದುತ್ತಿದ್ದ ನಿನ್ನ ಅಜ್ಜನ ಬಲಗಣ್ಣು ಕಿತ್ತು, ಎಡಗಾಲಿನ ನರ ಸುಟ್ಟು, ತಾಮ್ರದ ಗಣಿಗೆ ಅಟ್ಟಿದರು. ಹೋರಿಯನ್ ದೇವತೆಗಳಿಗೆ ಧೂಪ ಹಾಕಿ ಪಾರಾದ. ಅಪ್ಪಣೆ ಬದಲಾಗಿ ಅಜ್ಜ ಕುಂಟುತ್ತ ಮನೆಗೆ ಬಂದಾಗ, ಇವನು ಪ್ರಾಯಶ್ಚಿತ್ತಕ್ಕೆಂದು ವರ್ಷಗಟ್ಟಲೆ ದೇವಾಲಯದ ಬಾಗಿಲ ಹೊರಗೆ ನಿಂತಿದ್ದ. ಅಜ್ಜ ಅವನ ಹೆಗಲು ಹಿಡಿದು, "ಬಾರೋ, ನಂಗೂ ಕಾಲು ನಡುಗಿತ್ತು" ಅಂದರು. ಅಷ್ಟೇ.

ಈಗ ಭಾನುವಾರ ನ್ಯಾಯಾಲಯಕ್ಕೂ ರಜೆ, ಕಿತ್ತುಕೊಂಡಿದ್ದ ದೇವಾಲಯದ ಜಾಗ ವಾಪಸ್ಸು. ನಾನು ಬಿಸಿಲಿಗೆ ಕೂತು ಗಟ್ಟಿಯಾಗಿ ಹಾಡುತ್ತೇನೆ, ಯಾರೂ ತಿರುಗಿ ನೋಡುವುದಿಲ್ಲ. ಹಾಯಾಗಿದೆ ಕಂದಾ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ. ನಿನಗೆ ಪಾಠ ಹೇಳುವ ಗುರುಗಳಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಅಜ್ಜಿ,
ತೆಕ್ರೋಸಿಸ್

ಮರೆತಿದ್ದೆ, ಕಾಗದ ಒಯ್ಯುವ ಹಡಗಿನವನು ಕಾಯುತ್ತಿದ್ದಾನೆ. ನಿನ್ನೆ ನಾನೇ ಬಿಷಪ್ಪರ ಹತ್ತಿರ ಹೋಗಿದ್ದೆ. "ಅಮ್ಮಾ, ಆಗ ಕ್ರೈಸ್ತ ಅಂತ ಹೆಸರು ಹೇಳಿದ್ರೆ ಗಣಿಗೆ ಕಳಿಸ್ತಿದ್ರು, ಈಗ ಹೆಸರು ಬರೆಸೋಕೆ ಬಾಗಿಲಲ್ಲಿ ಸಾಲು. ನಿಮ್ಮ ಹುಡುಗನಿಗೆ ನಿಜವಾಗ್ಲೂ ಮನಸ್ಸಿದೆಯಾ?" ಎಂದು ಕೇಳಿದರು. ಇಲ್ಲ ಎಂದುಬಿಟ್ಟೆ. ಆ ಜಾಗ ನೇಕಾರರ ಪಮೌನಿಸ್‌ಗೆ ಹೋಯಿತು. ರೋಗಿಗಳ ಮನೆ ಮನೆಗೆ ಹೋಗುವ ಹುಡುಗ. ನಿನ್ನ ಅಪ್ಪನಿಗೆ ಇನ್ನೂ ಹೇಳಿಲ್ಲ. ಬೇಗ ಹೊರಟು ಬಾ, ಸೌದೆಯ ಸರದಿ ನಿನ್ನದೇ. ಆಜ್ಞೆ ಏನೇ ಹೇಳಲಿ, ಮನಸ್ಸು ಬಂದ ದಿನ ನೀನೇ ಹೋಗಿ ಕೇಳುವೆಯಂತೆ.