ತುಂಬಿದ ಬಾಟಲಿಯ ಬಿಳಿ ಗೆರೆ

ನನ್ನ ವನಜಾ ಮಿಸ್,

ಇದನ್ನು ಓದುವಾಗ ಕೆಂಪು ಪೆನ್ನು ಹಿಡಿಯಬೇಡಿ, ದಮ್ಮಯ್ಯ. ಕಾಗುಣಿತ ತಪ್ಪಿದ್ದರೆ ಇರಲಿ ಬಿಡಿ. ತಿದ್ದಬೇಕಾದ ತಪ್ಪು ಬೇರೆಯೇ ಇದೆ. ಆರನೇ ಕ್ಲಾಸಿನ ಇನ್‌ಸ್ಪೆಕ್ಷನ್ ದಿನ, ಕಿಟಕಿಯ ಮೇಲಿದ್ದ ಬಾಯಿ ತೆರೆದ ಬಾಟಲಿಗೆ ನೀರು ತುಂಬಿಸಿದವಳು ನಾನು. ರೇಣುಕಾ, ಎರಡನೇ ಬೆಂಚು, ಗೋಡೆ ಪಕ್ಕದವಳು. ಎಂಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಕೇಳಲು ನೀವೇ ಇಲ್ಲದ ಮೇಲೆ. ನನ್ನ ಬುದ್ಧಿ ಯಾವಾಗಲೂ ಹಾಗೇ, ಊಟ ಮುಗಿದ ಮೇಲೆ ಎಲೆ ಹಾಕುವುದು.

ನೀವು ಬೋರ್ಡಿನ ಮೇಲೆ ಜಲಚಕ್ರ ಬರೆದ ದಿನ ನೆನಪಿದೆಯೇ? ವಿಜಯನಗರದ ಆ ಹಳೇ ಕಟ್ಟಡದಲ್ಲಿ ಬೋರ್ಡಿನ ಒಂದು ಮೂಲೆ ಒಡೆದಿತ್ತು. ಆ ಮೂಲೆಗೇ ಸೂರ್ಯನನ್ನು ಬರೆದಿರಿ, ಒಡಕು ಕಾಣದ ಹಾಗೆ. ಕೆಳಗೆ ನೀಲಿ ಸೀಮೆಸುಣ್ಣದಲ್ಲಿ ಸಮುದ್ರ. ಅಲ್ಲಿಂದ ಮೇಲಕ್ಕೆ ಬಾಣ. "ಬಿಸಿಲಿಗೆ ನೀರು ಆವಿ ಆಗುತ್ತೆ. ಆವಿ ಕಣ್ಣಿಗೆ ಕಾಣಲ್ಲ ಕಣ್ರೋ, ಆದ್ರೆ ಇರುತ್ತೆ. ಸಮುದ್ರದಿಂದ, ಕೆರೆಯಿಂದ, ನೀವು ಒಣಗಿಹಾಕಿದ ಬಟ್ಟೆಯಿಂದ, ಗಿಡದ ಎಲೆಯಿಂದಾನೂ ಏಳುತ್ತೆ" ಎಂದಿರಿ. ಮೇಲೆ ಹೋದಂತೆ ತಣ್ಣಗಾಗಿ, ಗಾಳಿಯಲ್ಲಿರುವ ಧೂಳಿನ ಕಣಗಳನ್ನು ಹಿಡಿದುಕೊಂಡು ಸಣ್ಣ ಸಣ್ಣ ಹನಿಯಾಗುತ್ತದೆ, ಅದೇ ಮೋಡ ಎಂದಿರಿ. ಹನಿಗೆ ಹನಿ ಸೇರಿ, ಗಾಳಿ ಹೊತ್ತುಕೊಳ್ಳಲಾರದಷ್ಟು ಭಾರವಾದಾಗ ಮಳೆ. ಬಿದ್ದ ಮಳೆಯಲ್ಲಿ ಒಂದಿಷ್ಟು ಹರಿದು ಹೋಗುತ್ತದೆ, ಒಂದಿಷ್ಟು ಮಣ್ಣಿನೊಳಗೆ ಇಂಗಿ ಬೋರ್‌ವೆಲ್ ಸೇರುತ್ತದೆ, ಮತ್ತೊಂದಿಷ್ಟು ನೆಲದಿಂದಲೇ ಪುನಃ ಆವಿಯಾಗುತ್ತದೆ.

ಆಗ ಸಲೀಂ ಎದ್ದುನಿಂತು, "ಮಿಸ್, ಇದ್ರಲ್ಲಿ ನಮ್ಮ ಕೆಂಗೇರಿ ಮೋರಿ ಎಲ್ಲಿದೆ?" ಎಂದ. ಇಡೀ ಕ್ಲಾಸು ಮೂಗು ಮುಚ್ಚಿಕೊಂಡು ನಕ್ಕಿತು. ನೀವು ನಗಲಿಲ್ಲ. "ಮೋರಿ ಅನ್ಬೇಡ, ಅದು ವೃಷಭಾವತಿ" ಎಂದು ಬೆಟ್ಟದಿಂದ ಸಮುದ್ರಕ್ಕೆ ಇನ್ನೊಂದು ಗೆರೆ ಎಳೆದಿರಿ. ಮೈಸೂರು ರೋಡಿನ ಪಕ್ಕದಲ್ಲೇ ಹೋಗಿ, ಕೆಂಗೇರಿ ದಾಟಿ, ಅರ್ಕಾವತಿ ಸೇರಿ, ಅದು ಕಾವೇರಿ ಸೇರಿ, ಬಂಗಾಳ ಕೊಲ್ಲಿವರೆಗೆ. "ಅಷ್ಟು ಗಲೀಜು ನೀರು ಮೋಡಕ್ಕೆ ಹೋಗುತ್ತಾ ಮಿಸ್?" ಎಂದು ಕೇಳಿದವಳು ನಾನು. ನೀವು ಹೇಳಿದ ಉತ್ತರ ಅಕ್ಷರ ಬಿಡದೆ ನೆನಪಿದೆ. "ನೀರು ಒಂದೇ ಮೇಲೇಳೋದು ಕಣೇ. ಉಪ್ಪು, ಸುಣ್ಣ, ಮಣ್ಣು, ಎಲ್ಲಾ ಕೆಳಗೇ ಉಳ್ಕೊಳ್ಳುತ್ತೆ." ಅದನ್ನು ನೋಟ್ಸಿನಲ್ಲಿ ಬರೆದು ಅದರ ಕೆಳಗೆ ಎರಡು ಗೆರೆಯನ್ನೂ ಎಳೆದೆ. ತಲೆಗೆ ಮಾತ್ರ ಹೋಗಲಿಲ್ಲ.

ಅವತ್ತೇ ನೀವು ಎರಡು ಅಗಲ ಬಾಯಿಯ ಗಾಜಿನ ಬಾಟಲಿ ತಂದು, ಸ್ಕೂಲಿನ ಬೋರ್ ನೀರು ಹಾಕಿ, ನೀರಿನ ಮಟ್ಟಕ್ಕೆ ಸರಿಯಾಗಿ ಹೊರಗೆ ಕಾಗದದ ಪಟ್ಟಿ ಅಂಟಿಸಿ ಬಿಸಿಲು ಬೀಳುವ ಕಿಟಕಿಯ ಮೇಲಿಟ್ಟಿರಿ. ಒಂದರ ಬಾಯಿಗೆ ಪ್ಲಾಸ್ಟಿಕ್ ಕವರು, ರಬ್ಬರ್ ಬ್ಯಾಂಡು. ಇನ್ನೊಂದು ಹಾಗೇ ತೆರೆದದ್ದು. ದಿನವೂ ಹೋಗಿ ಇಣುಕುತ್ತಿದ್ದೆವು. ಮುಚ್ಚಿದ್ದರಲ್ಲಿ ಕವರಿನ ಒಳಮೈಗೆ ಹನಿ ಕಟ್ಟಿ, ದಪ್ಪವಾಗಿ, ಟಪ್ಪೆಂದು ಬಿದ್ದು, ನೀರು ಇದ್ದ ಮಟ್ಟದಲ್ಲೇ ಇರುತ್ತಿತ್ತು. "ನೋಡ್ರೋ, ಒಳಗೇ ಮಳೆ!" ಎಂದು ಸಲೀಂ ಕುಣಿದಿದ್ದ. ತೆರೆದ ಬಾಟಲಿಯಲ್ಲಿ ಎರಡು ವಾರಕ್ಕೆ ನೀರು ಪಟ್ಟಿಯಿಂದ ಎರಡು ಬೆರಳು ಕೆಳಗಿಳಿದಿತ್ತು. ಇನ್‌ಸ್ಪೆಕ್ಟರ್ ಬಂದಾಗ ಅದನ್ನು ತೋರಿಸಬೇಕೆಂಬುದು ನಿಮ್ಮ ಆಸೆ.

ಆ ಇನ್‌ಸ್ಪೆಕ್ಷನ್ ನಿಮಗೆ ಎಂಥದ್ದೆಂದು ನನಗೆ ಗೊತ್ತಿತ್ತು ಮಿಸ್. ಅದೇ ನನ್ನ ಸಂಕಟ. ನಾನು ನೋಟ್ಸ್ ಹೊತ್ತುಕೊಂಡು ಸ್ಟಾಫ್ ರೂಮಿಗೆ ಬಂದಾಗ ಹೆಡ್‌ಮಾಸ್ಟರ್ ನಿಮಗೆ ಹೇಳುತ್ತಿದ್ದರು, "ನೀವು ಟೆಂಪರರಿ, ಗೊತ್ತಲ್ಲ. ಸೋಮವಾರದ ಪಾಠ ಚೆನ್ನಾಗಾದ್ರೆ ಜೂನ್‌ಗೆ ಕಮಿಟಿಯೋರ ಹತ್ರ ಮಾತಾಡ್ತೀನಿ. ಕೆಟ್ರೆ ನನ್ನ ಕೈಲಿ ಏನೂ ಇಲ್ಲ." ನೀವು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ "ಆಯ್ತು ಸಾರ್" ಎಂದಿರಿ. ಸೋಮವಾರ ನಿಮ್ಮ ಪಾಠ ಚೆನ್ನಾಗಿ ಆಗಲೆಂದು ಗಾಳಿ ಆಂಜನೇಯನಿಗೆ ಹರಕೆ ಬೇರೆ ಹೊತ್ತಿದ್ದೆ. ಯಾರಾದರೂ ನಂಬುತ್ತಾರೆಯೇ?

ಸೋಮವಾರ ಬೆಳಗ್ಗೆ ಕ್ಲಾಸು ಗುಡಿಸುವ ಸರದಿ ನನ್ನದು. ಅವತ್ತು ಕಾವೇರಿ ನೀರು ಬಿಡುವ ದಿನ. ಅಂಗಳದ ನಲ್ಲಿ ಸುರಿಯುತ್ತಿತ್ತು. ನಮ್ಮ ಮನೆ ನಿಮಗೆ ಗೊತ್ತಿಲ್ಲ ಮಿಸ್. ನಾವು ಗದಗಿನಿಂದ ಬಂದು ಬಾಪೂಜಿ ನಗರದ ಒಂದು ಕೋಣೆಯಲ್ಲಿದ್ದವರು. ಊರಲ್ಲಿ ಎಂಟು ಹತ್ತು ದಿನಕ್ಕೊಮ್ಮೆ ನೀರು. ಇಲ್ಲಿ ದಿನ ಬಿಟ್ಟು ದಿನ ಬಂದರೂ ಅವ್ವನ ಜೀವಕ್ಕೆ ಸಮಾಧಾನವಿಲ್ಲ. "ಏ ರೇಣೂ, ನಳಾ ಬಂದೈತಿ! ಲೋಟಾ ಸೈತ ಖಾಲಿ ಇಡಬ್ಯಾಡ. ನೀರ ಬಂದ ದಿನ ಅರ್ಧ ತುಂಬಿದ ಭಾಂಡೆ ಇದ್ರ ದರಿದ್ರ" ಎನ್ನುತ್ತಿದ್ದಳು. ಬಿಂದಿಗೆ, ಬಕೆಟ್ಟು, ಡಬರಿ, ಕೊನೆಗೆ ಕುಕ್ಕರಿನವರೆಗೆ ತುಂಬಿಸಿಯೇ ನಾನು ಸ್ಕೂಲಿಗೆ ಹೊರಡುತ್ತಿದ್ದದ್ದು. ಅವತ್ತೂ ಕ್ಲಾಸಿನ ಕುಡಿಯುವ ಮಡಕೆ ತುಂಬಿಸಿದೆ. ಮಗ್ಗಿನಲ್ಲಿ ಇನ್ನೂ ನೀರಿತ್ತು. ಕಿಟಕಿಯ ಮೇಲೆ ಎರಡು ಬೆರಳು ಇಳಿದ ಬಾಟಲಿ. ದೊಡ್ಡವರು ಬರುವ ದಿನ, ನಮ್ಮ ಮಿಸ್ಸಿನ ಬಾಟಲಿ ಹೀಗಿರಬಹುದೇ? ನಿಮ್ಮ ಕಾಗದದ ಪಟ್ಟಿಯವರೆಗೆ, ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ, ಸರಿಯಾಗಿ ತುಂಬಿಸಿಟ್ಟೆ. ಹೆಮ್ಮೆಯಿಂದ! ಜಲಚಕ್ರ ನನಗೆ ಬಾಯಿಪಾಠ ಬರುತ್ತಿತ್ತು ಮಿಸ್, ಆದರೆ ನನ್ನ ಕೈ ಕೇಳುತ್ತಿದ್ದದ್ದು ಅವ್ವನ ಮಾತು.

ನೀವು ಪಾಠ ಮಾಡಿದ್ದು ಎಷ್ಟು ಚೆನ್ನಾಗಿತ್ತೆಂದರೆ ಇನ್‌ಸ್ಪೆಕ್ಟರ್ ಬರೆಯುವುದನ್ನು ಬಿಟ್ಟು ಬೋರ್ಡನ್ನೇ ನೋಡುತ್ತಿದ್ದರು. ಸಮುದ್ರ, ಆವಿ, ಮೋಡ, ಮಳೆ, ವೃಷಭಾವತಿ, ಎಲ್ಲಾ ಮುಗಿಸಿ, "ಈಗ ನಮ್ಮ ಕಿಟಕಿ ನೋಡಿ ಸಾರ್. ಮುಚ್ಚಿದ ಬಾಟಲಿಯಲ್ಲಿ ನೀರು ಹಾಗೇ ಇದೆ, ತೆರೆದದ್ದರಲ್ಲಿ..." ಎಂದು ತಿರುಗಿದಿರಿ. ತೆರೆದದ್ದರಲ್ಲೂ ನೀರು ಪಟ್ಟಿಯವರೆಗೆ ಇತ್ತು. ನನಗೆ ಹೊಳೆದದ್ದು ಆಗಲೇ. ಅಯ್ಯೋ, ಆ ನೀರು ಇಳಿದಿರಬೇಕಿತ್ತಲ್ಲವೇ!

"ಏನ್ರೀ ಮಿಸ್, ವಿಜಯನಗರದಲ್ಲಿ ಸೂರ್ಯ ರಜಾ ಹಾಕಿದ್ನಾ?" ಎಂದರು ಇನ್‌ಸ್ಪೆಕ್ಟರ್. ಹೆಡ್‌ಮಾಸ್ಟರ್ ನಕ್ಕರು, ಮಕ್ಕಳೂ ನಕ್ಕರು. ನಾನೂ ನಕ್ಕೆ ಮಿಸ್. ಹೆದರಿಕೆಗೆ ನಕ್ಕೆನೋ, ಎಲ್ಲರ ಜೊತೆ ಸೇರಿಹೋಗಲೆಂದು ನಕ್ಕೆನೋ, ಅಂತೂ ನಕ್ಕೆ. ನೀವು ತೆರೆದ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದಿರಿ. ಆಮೇಲೆ ಒಳಗೆ ಬೆರಳು ಹಾಕಿ, ಪಟ್ಟಿಯ ಕೆಳಗೆ ಗಾಜನ್ನು ಉಗುರಿನಿಂದ ಕೆರೆದು, ಉಗುರನ್ನು ನೋಡಿಕೊಂಡಿರಿ. ಕ್ಲಾಸಿನ ಮೇಲೆ ಕಣ್ಣಾಡಿಸಿದಿರಿ. ಒದ್ದೆಯಾಗಿದ್ದ ನನ್ನ ಲಂಗದ ಅಂಚನ್ನು ನಾನು ಬೆಂಚಿನ ಕೆಳಗೆ ಎಳೆದುಕೊಂಡೆ. ನೀವು ಏನೋ ಹೇಳಲು ಬಾಯಿ ತೆರೆದವರು, ನನ್ನ ಮುಖ ನೋಡಿ, "ಎಲ್ಲೋ ನನ್ನದೇ ತಪ್ಪಾಗಿದೆ ಸಾರ್" ಎಂದು ಬಾಟಲಿ ಕೆಳಗಿಟ್ಟಿರಿ.

ಜೂನ್‌ನಲ್ಲಿ ಸ್ಕೂಲು ತೆರೆದಾಗ ವಿಜ್ಞಾನಕ್ಕೆ ಬೇರೆ ಸಾರ್ ಬಂದಿದ್ದರು. ಅವರು ಜಲಚಕ್ರದ ಚಾರ್ಟನ್ನು ಮೊಳೆಗೆ ನೇತುಹಾಕಿ, "ಬರ್ಕೊಳ್ಳಿ" ಎಂದರು. ನಾನು ಅವತ್ತು ಬರೆದುಕೊಳ್ಳಲಿಲ್ಲ. ಹೊಟ್ಟೆ ನೋವೆಂದು ಮನೆಗೆ ಬಂದೆ.

ಹೋದ ವರ್ಷ ನೀವು ಕುರುಬರಹಳ್ಳಿ ಬಸ್‌ಸ್ಟಾಪಿನಲ್ಲಿ ಸಿಕ್ಕಿರಿ. ಕೂದಲು ಅರ್ಧ ಬೆಳ್ಳಗಾಗಿತ್ತು, ಕೈಯಲ್ಲಿ ಟ್ಯೂಷನ್ ಮಕ್ಕಳ ನೋಟ್‌ಬುಕ್ಕಿನ ಚೀಲ. "ಏನೇ ರೇಣುಕಾ, ಏನ್ ಓದ್ತಾ ಇದೀಯಾ?" ಎಂದಿರಿ. "ಡಿ.ಎಡ್ ಮಿಸ್." ನಿಮ್ಮ ಮುಖ ಅಷ್ಟಗಲವಾಯಿತು. "ಟೀಚರ್ ಆಗ್ತೀಯಾ! ಮನೆಗೆ ಬಾರೇ, ನನ್ನ ಹಳೇ ಪಾಠದ ಟಿಪ್ಪಣಿ ಎಲ್ಲಾ ಕೊಡ್ತೀನಿ" ಎಂದು ವಿಳಾಸ ಬರೆದುಕೊಟ್ಟಿರಿ. ಮಾತು ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಬಸ್ಸು ಬಂತು. ಬಸ್ಸನ್ನು ಬೈದು ಏನು ಬಂತು? ಬಸ್ಸು ಬರದಿದ್ದರೂ ನಾನು ಹೇಳುತ್ತಿರಲಿಲ್ಲ.

ಮೊನ್ನೆ ಬಚ್ಚಲು ತೊಳೆಯುವಾಗ ಬೋರ್ ನೀರಿನ ಬಕೆಟ್ಟಿನ ಒಳಗೆ ಬಿಳಿ ಗೆರೆ ಕಂಡಿತು. ನೀರು ಆರಿ ಆರಿ ಇಳಿದ ಮಟ್ಟಕ್ಕೆಲ್ಲ ಒಂದೊಂದು ಗೆರೆ. ಪುನಃ ನೀರು ತುಂಬಿದರೂ ಕರಗದ ಸುಣ್ಣ. ಉಗುರಿನಿಂದ ಕೆರೆದೆ, ಉಗುರಿನ ತುದಿಯಲ್ಲಿ ಬಿಳಿ ಪುಡಿ ನಿಂತಿತು. ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ ಮಿಸ್. ನೀರು ಒಂದೇ ಮೇಲೇಳೋದು, ಸುಣ್ಣ ಕೆಳಗೇ ಉಳ್ಕೊಳ್ಳುತ್ತೆ. ನಿಮಗೆ ಅವತ್ತೇ ಗೊತ್ತಾಗಿತ್ತು! ನೀರು ಇಳಿದದ್ದಕ್ಕೆ ಸಾಕ್ಷಿ ನಿಮ್ಮ ಉಗುರಿನಲ್ಲೇ ಇತ್ತು. "ನೋಡಿ ಸಾರ್, ನೀರು ಇಲ್ಲೀವರೆಗೆ ಇಳಿದಿತ್ತು, ಯಾರೋ ತುಂಬಿಸಿದ್ದಾರೆ" ಎಂದಿದ್ದರೆ ಇನ್‌ಸ್ಪೆಕ್ಟರ್ ಭೇಷ್ ಎನ್ನುತ್ತಿದ್ದರು. ಆದರೆ "ಯಾರು ತುಂಬಿಸಿದ್ದು?" ಎಂದೂ ಕೇಳುತ್ತಿದ್ದರು. ಹೆಡ್‌ಮಾಸ್ಟರ್ ಕೈಯ ಬೆತ್ತ ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಬ್ಬ ಹುಡುಗಿಯ ಅಂಗೈ ಉಳಿಸಲು ಕೆಲಸ ಬಿಟ್ಟುಕೊಟ್ಟಿರಾ? ಯಾಕೆ ಮಿಸ್? ನಾನು ಅಷ್ಟು...

ಕೈ ಕೂಡ ಒರೆಸಿಕೊಳ್ಳದೆ ಕುರುಬರಹಳ್ಳಿಗೆ ಬಂದೆ. ನಿಮ್ಮ ತಂಗಿ ಬಾಗಿಲು ತೆಗೆದರು. "ಅಕ್ಕ ಹೋಗಿ ಎರಡು ತಿಂಗಳಾಯ್ತಮ್ಮ. ನೀನು ರೇಣುಕಾನಾ? ಇದು ನಿನಗೇ ಅಂತ ತೆಗೆದಿಟ್ಟಿದ್ಲು" ಎಂದು ಟಿಪ್ಪಣಿಯ ಕಟ್ಟು ಕೊಟ್ಟರು. ಮೆಟ್ಟಿಲಿಳಿದು ಬೀದಿಯಲ್ಲಿ ನಿಂತು ಅತ್ತೆ. ಸೊಪ್ಪಿನ ಗಾಡಿಯವನು "ಯಾಕಕ್ಕಾ, ಏನಾಯ್ತು?" ಎಂದು ಗಾಡಿ ನಿಲ್ಲಿಸಿದ.

ಈಗ ನೀವು ಕೇಳದ ಸುದ್ದಿ. ನಂದಿನಿ ಲೇಔಟಿನ ಒಂದು ಸ್ಕೂಲಿನಲ್ಲಿ ನನ್ನ ಡಿ.ಎಡ್ ಬೋಧನಾಭ್ಯಾಸ ನಡೆಯುತ್ತಿದೆ. ನಿನ್ನೆ ಜಲಚಕ್ರ. ವಾರದಿಂದ ಕಿಟಕಿಯ ಮೇಲೆ ನಿಮ್ಮ ಹಾಗೆಯೇ ಎರಡು ಬಾಟಲಿ ಇಟ್ಟಿದ್ದೆ. ಎರಡರಲ್ಲೂ ನೀರು ಇಳಿದಿತ್ತು! ಮುಚ್ಚಿದ್ದರಲ್ಲೂ! ಹಿಂದಿನ ಬೆಂಚಿನಲ್ಲಿ ನಮ್ಮ ಉಪನ್ಯಾಸಕರು ಅಂಕ ಹಾಕುತ್ತಾ ಕೂತಿದ್ದಾರೆ. ಕೆಟ್ಟೆನೆಂದುಕೊಂಡೆ. ಆಮೇಲೆ ಏನನ್ನಿಸಿತೋ, ಮಕ್ಕಳಿಗೆ ನಿಮ್ಮ ಕಥೆ ಹೇಳಿದೆ, ಬಾಟಲಿ ತುಂಬಿಸಿದ ಹುಡುಗಿ ನಾನೇ ಎಂದೂ ಹೇಳಿದೆ. ನಾಲಿಗೆಯ ಮೇಲೆ ಆ ಮಾತು ಬಂದದ್ದು ಅದೇ ಮೊದಲು.

ಕಥೆ ಮುಗಿಯುವ ಮೊದಲೇ ಮುಂದಿನ ಬೆಂಚಿನ ಭವ್ಯಾ ಎದ್ದುನಿಂತಳು. "ಮಿಸ್, ಕವರಿಗೆ ಪಿನ್ನಲ್ಲಿ ತೂತು ಮಾಡಿದ್ದು ನಾನು. ಪಾಪ, ಆವಿ ಒಳಗೇ ಸಿಕ್ಕಾಕ್ಕೊಂಡಿತ್ತು. ಮೋಡ ಆಗೋಕೆ ಹೋಗ್ಲಿ ಅಂತ." ನನಗೆ ಎಂಟು ವರ್ಷ ಹಿಡಿದದ್ದು ಅವಳಿಗೆ ಎರಡು ನಿಮಿಷ ಹಿಡಿಯಿತು ನೋಡಿ.

"ಬಾರೇ ಇಲ್ಲಿ" ಎಂದು ಕರೆದೆ. ಅವಳು ಹೆದರಿ ಅಂಗೈ ಚಾಚಿಕೊಂಡೇ ಬಂದಳು. ಆ ಅಂಗೈಯಲ್ಲಿ ಹೊಸ ಕವರು, ರಬ್ಬರ್ ಬ್ಯಾಂಡು ಇಟ್ಟೆ ಮಿಸ್.

ನಿಮ್ಮ,
ರೇಣುಕಾ