ಕೂಡಿಸಿ ಬರೆದ ಮಾತು

ಸ್ಟೇಷನ್ ರಸ್ತೆ, ವಿಜಾಪುರ
೧೧-೨-೧೯೭೮

ಬೋರವ್ವಾ, ನನ್ನ ಜೀವದ ಗೆಳತೀ,

ಟಿಕೋಟಾದ ನಿನ್ನ ಸೋದರಮಾವನ ಮನೆಗೆ ಹಾಕಿದ ಎರಡು ಕಾಗದಕ್ಕೂ ನೀನು ಉತ್ತರ ಬರೆಯಲಿಲ್ಲ. ಬರೆಯಬೇಕೆಂದು ಕೇಳುವ ಹಕ್ಕೂ ನನಗಿಲ್ಲ. ಆದರೂ ನಮ್ಮ ಕಾಲೇಜಿನ ವಿಚಾರಸಂಕಿರಣದ ದಿನ ಏನಾಯಿತೆಂದು ನೀನು ನನ್ನ ಬಾಯಿಂದ ಕೇಳಿಲ್ಲ. ಅದಕ್ಕೇ ಈ ಮೂರನೆಯದು.

ನಿನ್ನ ಅಣ್ಣ ಮರೆಪ್ಪನ ಪದ್ಯ ಅಚ್ಚಾದ ಆ ಸಣ್ಣ ಪತ್ರಿಕೆಯನ್ನು ನೀನೇ ನನಗೆ ಕೊಟ್ಟಿದ್ದೆ.

ಯಪ್ಪಾ, ಬಾವಿ ತೋಡಿದವ್ರು ನಾವ್ರಿ
ಕಲ್ಲ ಹೊತ್ತ ಹೆಗಲು ನಮ್ದರಿ
ಕೊಡ ಹಿಡದು ಹೊರಗ ನಿಂತವ್ರು ನಾವ್ರಿ
ಬಿಸಿಲೇರತೈತಿ
ದಾರಿ ಬಿಡಲೇ

ಕೇರಿಯ ಕಟ್ಟೆಯ ಮೇಲೆ ಅಣ್ಣ ಇದನ್ನು ಹೇಳುವಾಗ 'ಬಿಡ' ಎಂದು ನಿಲ್ಲುತ್ತಾನೆ, ಕೂತವರೆಲ್ಲ ಸೇರಿ 'ಲೇ' ಎಂದು ಕೂಗುತ್ತಾರೆ ಎಂದು ನೀನು ನಗುತ್ತ ಹೇಳಿದ್ದೆ. ನಿಮ್ಮೂರು ಬಬಲೇಶ್ವರದ ಗೌಡರೂ ಅದನ್ನು ಓದಿ, 'ನಮ್ಮ ತೋಟದ ಮರೆಪ್ಪ ಎಷ್ಟ್ ನಮ್ರ ಅದಾನ ನೋಡ್ರಿ, ದಾರಿ ಬಿಡ್ಲೇನು ಅಂತ ಕೇಳ್ತಾನ' ಎಂದು ಮೆಚ್ಚಿದ್ದರಂತೆ. ಆ ಮಾತಿಗೂ ನಾವಿಬ್ಬರೂ ನಕ್ಕಿದ್ದೆವು.

ಆ ದಿನ ನೀನು ಊರಿಗೆ ಹೋಗಿದ್ದೆ. ನನಗಿಂತ ಮೊದಲು ನಮ್ಮ ಕನ್ನಡದ ಸರ್ ಮಾತಾಡಿದರು. ಈ ಪದ್ಯದಲ್ಲಿ ಸಿಟ್ಟೇ ಇಲ್ಲ, ಇದು ದೈನ್ಯದ ಪದ್ಯ, ಒಡೆಯನ ಮುಂದೆ ನಿಂತ ಆಳು 'ನಾನು ಪಕ್ಕಕ್ಕೆ ಸರಿಯಲೇ' ಎಂದು ಅಪ್ಪಣೆ ಬೇಡುತ್ತಿದ್ದಾನೆ ಎಂದರು. ಬಳಿಕ ನನ್ನ ಕಡೆ ನೋಡಿ, ಈ ಸಾಬರ ಹುಡುಗಿ ಕನ್ನಡ ಪದ್ಯ ಹೇಗೆ ಬಿಡಿಸುತ್ತಾಳೋ ಕೇಳೋಣ ಎಂದರು. ಸಭೆ ನಕ್ಕಿತು.

ನಾನು ಬರೆದು ತಂದ ಪ್ರಬಂಧ ಎಚ್ಚರಿಕೆಯದಾಗಿತ್ತು. 'ನಾವು' ಅನ್ನುವವರು ಯಾರು, ಅದು ಒಬ್ಬನ ದನಿಯೋ ಕೇರಿಯ ದನಿಯೋ ಎಂದಷ್ಟೇ ಅದರಲ್ಲಿತ್ತು. ಅದನ್ನು ಮಡಚಿಟ್ಟೆ. ನಮ್ಮ ಸೀಮೆಯಲ್ಲಿ ಅಪ್ಪಣೆ ಕೇಳುವವರು 'ಬಿಡ್ಲೇನ್ರಿ' ಅನ್ನುತ್ತಾರೆ, 'ಬಿಡಲೇ' ಅನ್ನುವುದಿಲ್ಲ ಎಂದೆ. ಮೊದಲ ಮೂರು ಸಾಲಿನ ಕೊನೆಗೆ 'ರಿ' ಇದೆ, ನಾಲ್ಕನೆಯದರಲ್ಲಿ ಯಾರನ್ನೂ ಕರೆಯುವುದಿಲ್ಲ, ಬರೀ ಬಿಸಿಲು. ಆ ಬಿಸಿಲಿನಲ್ಲೇ ಮರ್ಯಾದೆ ಸುಟ್ಟುಹೋಗಿ, ಐದನೆಯದರಲ್ಲಿ 'ರಿ' ಇದ್ದ ಜಾಗಕ್ಕೆ 'ಲೇ' ಬಂದಿದೆ, ಅಂದರೆ 'ದಾರಿ ಬಿಡು, ಲೇ' ಎಂದೆ. 'ಯಪ್ಪಾ' ಎಂದು ಕರೆದದ್ದು ಯಾರನ್ನೋ 'ಲೇ' ಎಂದದ್ದೂ ಅವರನ್ನೇ. ಕೂಡಿಸಿ ಅಚ್ಚು ಹಾಕಿದ್ದರಿಂದ ಒಡೆಯನಿಗೆ ಬೇಡಿಕೆಯಾಗಿ ಕಾಣುತ್ತದೆ, ಕೇರಿಗೆ ಗದರಿಕೆಯಾಗಿ ಕೇಳುತ್ತದೆ, ಈ ಪದ್ಯಕ್ಕೆ ಎರಡು ಸಭೆಗಳಿವೆ ಎಂದೆ. ಕೊನೆಗೆ ಅಣ್ಣ ಹೇಳುವ ಹಾಗೇ ಹೇಳಿ ತೋರಿಸಿದೆ. 'ದಾರಿ ಬಿಡ' ಎಂದು ನಿಂತು, ಜೋರಾಗಿ 'ಲೇ' ಎಂದೆ.

ಚಪ್ಪಾಳೆ ಬಿತ್ತು. ಸರ್ ತಲೆ ತಗ್ಗಿಸಿದರು. ನನಗೆ ಬೇಕಾಗಿದ್ದುದು ಅದೇ. ಗೌಡರ ಅಳಿಯ ಸಭೆಯ ಎರಡನೆಯ ಸಾಲಿನಲ್ಲಿ ಕೂತದ್ದು ಕಾಣಲಿಲ್ಲ ಎಂದು ಹಿಂದಿನ ಕಾಗದಗಳಲ್ಲಿ ಬರೆದಿದ್ದೆ. ಅದು ಸುಳ್ಳು. ನೋಡಿದ್ದೆ. ಅವರ ಮುಖ ನೋಡುತ್ತಲೇ ಕೂಗಿದೆ. ಆ ಸಿಟ್ಟು ಅಣ್ಣನದಲ್ಲ ಬೋರವ್ವಾ, ಸರ್ ಮೇಲಿನ ನನ್ನದು. ಅವನ ಬಾಯಿ ಎರವಲು ತೆಗೆದುಕೊಂಡು ಬೈದೆ.

ಮುಂದಿನದು ನಿನಗೇ ಗೊತ್ತು. ಅಳಿಯನಿಂದ ಕೇಳಿದ ಗೌಡರು ಮರುದಿನವೇ ಅಣ್ಣನನ್ನು ತೋಟದ ಕೆಲಸದಿಂದ ಬಿಡಿಸಿದರು. ಮಧ್ಯಾಹ್ನ ನಿಮ್ಮ ಕೊಡಗಳಿಗೆ ಸೇದಿ ಹಾಕುತ್ತಿದ್ದ ಬಾವಿಯ ನೀರೂ ನಿಂತಿತು. ನಿಮ್ಮ ಮನೆಯವರು ನಿನ್ನ ಹೆಸರು ಕಾಲೇಜಿನಿಂದ ತೆಗೆಸಿ ನಿನ್ನನ್ನು ಟಿಕೋಟಾಕ್ಕೆ ಕಳಿಸಿದರು.

ಮೊನ್ನೆ ಬಬಲೇಶ್ವರಕ್ಕೆ ಹೋಗಿದ್ದೆ. ನಿಮ್ಮ ಅವ್ವ ಗುರುಬಾಯಿ ಹಳ್ಳದಿಂದ ಕೊಡ ಹೊತ್ತು ಬರುತ್ತಿದ್ದಳು. ಇಳಿಸಿಕೊಳ್ಳಲು ಕೈ ಚಾಚಿದೆ, ಕೊಡಲಿಲ್ಲ. ತಪ್ಪಾಯಿತು ಎಂದೆ.

"ತಪ್ಪೇನ್ ಓದಿಲ್ಲ ಬೇ ನೀ," ಅಂದಳು. "ಖರೇನ ಓದೀದಿ. ನಮ್ಮವರಿಗೆ ಅದು ಮೊದಲ ಗೊತ್ತಿತ್ತು. ಗೊತ್ತಿರದವರಿಗೆ ನೀ ತಿಳಿಸಿದಿ."

ಅಣ್ಣ ರತ್ನಾಗಿರಿ ಕಡೆ ರಸ್ತೆ ಕೆಲಸಕ್ಕೆ ಹೋದನಂತೆ. ಹೋಗುವಾಗ ನನ್ನ ಬಗ್ಗೆ ಏನಾದರೂ ಹೇಳಿದನೇ ಎಂದು ಕೇಳಿದೆ. "ನಾ ಕೂಡಿಸಿ ಬರದಿದ್ದೆ, ಆಕಿ ಬಿಡಿಸಿದ್ಲು ಅಂದ, ಅಷ್ಟ" ಎಂದು ಅವ್ವ ಒಳಗೆ ಹೋದಳು. ಕೇರಿಯ ಕಟ್ಟೆ ಖಾಲಿ ಇತ್ತು. ಆ ಪದ್ಯವನ್ನು ಈಗ ಅಲ್ಲಿ ಯಾರೂ ಹೇಳುವುದಿಲ್ಲವಂತೆ.

ಕ್ಷಮಿಸು ಎಂದು ಬರೆದರೆ ನೀನು ಏನಾದರೂ ಹೇಳಲೇಬೇಕಾಗುತ್ತದೆ. ಆ ಭಾರ ನಿನಗೆ ಬೇಡ.

ನಿನ್ನವಳೆಂದು ಬರೆದುಕೊಳ್ಳಲು ಅಂಜುವ,
ಶಹಜಾದಿ

ತಾ.ಕ.: ಆ ದಿನ ಹೇಳಿದ್ದನ್ನು ಪ್ರಬಂಧವಾಗಿ ಬರೆದು ಧಾರವಾಡದಲ್ಲಿ ಓದಬೇಕೆಂದು ಕರೆ ಬಂದಿದೆ. ಬರುವುದಿಲ್ಲ ಎಂದು ಎರಡು ಸಲ ಬರೆದು ಹರಿದೆ. ನಿನ್ನೆ, ಬರುತ್ತೇನೆ ಎಂದು ಬರೆದು ಅಂಚೆಗೆ ಹಾಕಿದೆ.