ಹದಿನೈದು ಸೆಕೆಂಡಿಗೆ ಕತ್ತರಿಸಿದ ನಿನ್ನ ಮಾತು

ನನ್ನವ್ವಾ,

ನೀನು ಹೋದ ಮೇಲೆ ನಿನಗೆ ಬರೆಯುತ್ತಿರುವುದು ಇದೇ ಮೊದಲು. ಒಳ್ಳೆಯ ಸುದ್ದಿ ಇದ್ದಾಗ ಬರೆಯಬೇಕು ಅಂದುಕೊಂಡಿದ್ದೆ. ಆದರೆ ಹೆದರಿಕೆಯಾದಾಗಲೇ ನಿನ್ನ ನೆನಪು ಬರುತ್ತದೆ, ಏನು ಮಾಡಲಿ? ಜೇಡ ಕಂಡರೂ ‘ಅವ್ವಾ’ ಅಂತ ಕೂಗುತ್ತಿದ್ದವಳು ನಾನು. ಈ ಸಲ ಕೂಗಿದರೆ ಬರುವವರಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೈಯಬೇಕು ಅನ್ನಿಸಿದರೆ ಪೂರ್ತಿ ಓದಿದ ಮೇಲೆ ಬೈಯಿ.

ಅಪ್ಪನಿಗೆ ಗದಗದಿಂದ ನಾಗಪುರಕ್ಕೆ ವರ್ಗವಾಗಿ, ಅಜನಿಯ ರೈಲ್ವೆ ಕ್ವಾರ್ಟರ್ಸಿಗೆ ನಾವು ಬಂದ ಹೊಸತು ನೆನಪಿದೆಯಾ? ಇಲ್ಲಿಯ ಮಂದಿಗೆ ನಮ್ಮ ಮಿರ್ಚಿ ಗಿರಮಿಟ್ ಎಲ್ಲಿ ಹಿಡಿಸಬೇಕು ಅಂತ ಅಪ್ಪ ಅಂದಿದ್ದರು. ನೀನು ಗಾಡಿ ಇಟ್ಟೇಬಿಟ್ಟೆ. ಸಾವಜಿ ಖಾರ ತಿಂದು ಬೆಳೆದ ಊರಿಗೆ ಮಿರ್ಚಿ ಮಾರಲು ಎದೆ ಬೇಕಿತ್ತು. ಅದರ ಮೇಲೆ ನೀನು ಸವರುತ್ತಿದ್ದ ಹಸಿ ಕೆಂಪು ಚಟ್ನಿಗೆ ಇಲ್ಲಿಯ ಗಂಡಸರೂ ಕಣ್ಣೀರು ಹಾಕುತ್ತಿದ್ದರು. ಯಾರಾದರೂ ‘ಪಾನಿ, ಪಾನಿ’ ಅಂದರೆ ನಿನ್ನದು ಒಂದೇ ಮಾತು: “ಪಾನಿ ಮತ್ ಮಾಂಗ್ ಬೇಟಾ, ಮಜ್ಜಿಗೆ ಪೀ.” ನೀರು ಕುಡಿದರೆ ಖಾರ ಬಾಯಿತುಂಬಾ ಹರಡುತ್ತದೆ, ಮಜ್ಜಿಗೆ ಕುಡಿದರೆ ಇಳಿಯುತ್ತದೆ. ಇಷ್ಟು ವರ್ಷ ಇದ್ದೂ ನೀನು ಮಜ್ಜಿಗೆಗೆ ಇಲ್ಲಿಯವರ ಹಾಗೆ ‘ತಾಕ್’ ಅನ್ನಲು ಕಲಿಯಲೇ ಇಲ್ಲ. ಗಿರಾಕಿಗಳೇ ‘ಮಜ್ಜಿಗೆ’ ಅನ್ನಲು ಕಲಿತರು.

ನೀನು ತೀರಿಕೊಂಡ ಮೇಲೆ ಗಾಡಿಯನ್ನು ಮತ್ತೆ ತೆರೆದೆ. ಜನ ಬರಲಿಲ್ಲ. ಅವ್ವ ಹೋದಳು, ಗಾಡಿಯೂ ಹೋಯಿತು ಅಂತ ತಿಳಿದಿದ್ದರಂತೆ. ಎದುರು ಕ್ವಾರ್ಟರ್ಸಿನ ಪಲ್ಲವಿ, ಅದೇ ಆ ಫೋನಿನಲ್ಲಿ ವಿಡಿಯೋ ಮಾಡುವ ಹುಡುಗಿ, ಒಂದು ಸಂಜೆ ಬಂದು ಕಟಕಟನೆ ಹೇಳಿದಳು: “ಶಕ್ಕೂತಾಯಿ, ರೀಲ್ ಕರೂ. ಪಂದ್ರಾ ಸೆಕೆಂಡ್. ಗಾನಾ ತುಮ್ ಲಿಖೋ, ಅವ್ವಾ ಕೆ ಬೋಲ್ ತುಮ್ಹೀ ಕೋ ಮಾಲೂಮ್.” ಹಾಡು ನೀನೇ ಬರಿ ಅಕ್ಕಾ, ಅವ್ವನ ಮಾತು ನಿನಗೇ ಗೊತ್ತು ಅಂತ. ನಾನು ಹಾಡು ಬರೆಯುವುದೇ? ಶಾಲೆಯಲ್ಲಿ ಪ್ರಾರ್ಥನೆ ಹೇಳಲು ನಿಲ್ಲಿಸಿದರೂ ಕಾಲು ನಡುಗುತ್ತಿದ್ದವಳು. ಆದರೂ ಕುಳಿತೆ.

ಕುಳಿತ ಮೇಲೆ ಗೊತ್ತಾಯಿತು ಅದು ಎಂಥ ಕೆಲಸ ಅಂತ. ಪಲ್ಲವಿ ಢೋಲಕಿಯ ತಾಳ ಹಾಕಿಕೊಟ್ಟಳು. ಹದಿನೈದು ಸೆಕೆಂಡಿಗೆ ನಾಲ್ಕು ನಾಲ್ಕು ಬಡಿತದ ಆರು ಸಾಲು, ಅಷ್ಟೇ ಜಾಗ. ಶುರುವಿನಲ್ಲಿ ಬರೀ ಸಂಗೀತ ಇಟ್ಟರೆ ನೋಡುವವರ ಹೆಬ್ಬೆರಳು ಮುಂದಿನ ವಿಡಿಯೋಕ್ಕೆ ಜಾರುತ್ತದೆ, ಆದ್ದರಿಂದ ಮೊದಲ ಬಡಿತಕ್ಕೇ ಬಾಯಿ ತೆರೆಯಬೇಕು. ಅದೂ ಕೂಗುವಂಥ ದೊಡ್ಡ ಸ್ವರದಿಂದ. ಗಾಡಿಯ ಹೆಸರು, ಜಾಗ ಹಾಡಿನೊಳಗೇ ಇರಬೇಕು, ಏಕೆಂದರೆ ವಿಡಿಯೋ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಕೆಳಗೆ ಬರೆದದ್ದನ್ನು ಯಾರೂ ಓದುವುದಿಲ್ಲ. ಒಂದು ಸಾಲಿಗೆ ಒಂದೇ ಮಾತು. ಮುಗಿದ ಕೂಡಲೇ ವಿಡಿಯೋ ತಾನೇ ಮತ್ತೆ ಶುರುವಾಗುತ್ತದೆ, ಆ ಹೊಲಿಗೆ ಕಾಣದ ಹಾಗೆ ಕೊನೆಯದು ಮೊದಲಿನದಕ್ಕೆ ಕೂಡಿಕೊಳ್ಳಬೇಕು. ನಾನು ಬರೆದದ್ದು ಹೀಗಿತ್ತು:

ಅವ್ವಾ ಅವ್ವಾ, ಮಿರ್ಚಿ ದೇ
ಗರಮಾಗರಮ್, ಅಭೀ ದೇ
ಅಜನಿ ವಾಲಿ, ಅವ್ವಾ ವಾಲಿ
ಏಕ್ ಖಾ, ದೋ ಖಾ, ತೀನ್ ಖಾ ರೇ
ಪಾನಿ ಮತ್ ಮಾಂಗ್ ರೇ

ಆರನೆಯ ಸಾಲಿಗೆ ಮಾತಿಲ್ಲ. ಅಲ್ಲಿ ಎಣ್ಣೆಗೆ ಬಿದ್ದ ಮಿರ್ಚಿಯ ಚುಂಯ್ ಸದ್ದು. ಅದು ಕೇಳಿದರೆ ಬಾಯಲ್ಲಿ ನೀರು ಬರುತ್ತದೆ, ಹೊಲಿಗೆಯೂ ಮುಚ್ಚುತ್ತದೆ ಅಂದಳು ಪಲ್ಲವಿ. ನಿನ್ನ ಮಾತನ್ನು ಪೂರ್ತಿ ಹಾಕಲು ನೋಡಿದೆ ಅವ್ವಾ, ನಿಜವಾಗಿ ನೋಡಿದೆ. ನಾಲ್ಕು ಬಡಿತದಲ್ಲಿ ಹಿಡಿಯಲಿಲ್ಲ. ಮಜ್ಜಿಗೆ ಅಂದರೆ ಹೊರಗಿನವರಿಗೆ ತಿಳಿಯುವುದಿಲ್ಲ ಅಂತಲೂ ಅವಳು ಅಂದಳು. ಕತ್ತರಿಸಿದೆ. ಅಪ್ಪನ ಮುಂದೆ ಒಂದೇ ಸಲ ಹಾಡಿ, ಊಟವಾದ ಮೇಲೆ ಯಾವ ಸಾಲು ನೆನಪಿದೆ ಅಂತ ಕೇಳಿದೆ. ಬಾಯಲ್ಲಿ ನಿಲ್ಲುವ ಸಾಲು ಯಾವುದೆಂದು ತಿಳಿಯಲು ಇದೇ ದಾರಿಯಂತೆ.

“ಪಾನಿ ಮತ್ ಮಾಂಗ್ ರೇ,” ಅಂದರು ಅಪ್ಪ, ತಟ್ಟೆ ತಟ್ಟುತ್ತಾ. “ಭಾರಿ ಕುಂತೈತಿ. ನಿಮ್ಮವ್ವ ಇದ್ದಿದ್ರ ಕುಣೀತಿದ್ಲು.”

ಕುಣಿಯುತ್ತಿದ್ದೆಯಾ? ಇಲ್ಲ ಅಂತ ಈಗ ಅನ್ನಿಸುತ್ತದೆ. ಮಿಕ್ಕ ಅರ್ಧ ಎಲ್ಲಿ ಹೋಯಿತು ಅಂತ ಮೊದಲು ಕೇಳುತ್ತಿದ್ದೆ.

ವಿಡಿಯೋ ಹೊರಬಿದ್ದು ಗಾಡಿಯ ಮುಂದೆ ಮೊದಲ ಸಲ ಜನ ಸಾಲು ಹಚ್ಚಿದ ದಿನ ನನಗೆ ನೆಲದ ಮೇಲೆ ಕಾಲಿರಲಿಲ್ಲ. ಕಾಮಠಿಯಿಂದ, ಖಾಪರಖೇಡಾದಿಂದ ಜನ ಬಂದರು. ಆದರೆ ಬಂದ ಹುಡುಗರು ತಿನ್ನುವ ರೀತಿ ಬೇರೆಯಾಗಿತ್ತು. ಒಬ್ಬ ತಿನ್ನುತ್ತಾನೆ, ಸುತ್ತಲಿನವರು ಫೋನ್ ಎತ್ತಿ ಹಿಡಿದು ಏಕ್, ದೋ, ತೀನ್ ಎಣಿಸುತ್ತಾರೆ, ನೀರು ಕೇಳಿದರೆ ಸೋತ. ಮಜ್ಜಿಗೆಯ ಲೋಟ ಮುಂದೆ ಮಾಡಿದರೆ “ನಹೀ ಕಾಕೀ, ಚೀಟಿಂಗ್ ಹೋತೆ” ಅಂತ ಕೈ ತಳ್ಳುತ್ತಾರೆ. ಇದನ್ನು ನಾನು ಹೇಳಲೇ ಇಲ್ಲವಲ್ಲ... ಅಂದುಕೊಂಡೆ. ಹಾಡಿ ನೋಡಿದೆ. ಹೇಳಿದ್ದೆ. ಮೂರು ತಿನ್ನು, ನೀರು ಕೇಳಬೇಡ. ನಿನ್ನ ಬಾಯಲ್ಲಿ ಅದು ಉಪಚಾರದ ಮಾತಾಗಿತ್ತು, ನನ್ನ ಹಾಡಿನಲ್ಲಿ ಪಂಥವಾಗಿತ್ತು.

ಸಾಯಲಿ ಅನ್ನುವ ಹುಡುಗಿ ಬಂದದ್ದು ಅದಾದ ಮೇಲೆ. ಕಾಲೇಜಿನವಳು, ತೆಳ್ಳಗೆ, ಎರಡು ಜಡೆ. ಗೆಳತಿಯರು ಎಣಿಸುತ್ತಿದ್ದರು. ಮೂರನೆಯದನ್ನು ಬಾಯಿಗಿಟ್ಟುಕೊಂಡು ಅವಳು ನಗಲು ಹೋದಳು, ಅಷ್ಟೇ. ಖಾರ ಗಂಟಲಿಗೆ ಅಡ್ಡ ಹೋಯಿತು. ಕೆಮ್ಮು ಹತ್ತಿತು, ನಿಲ್ಲಲಿಲ್ಲ, ಉಸಿರು ಸೀಟಿ ಹೊಡೆದ ಹಾಗೆ ಬರತೊಡಗಿತು. ನಾನು ಮಜ್ಜಿಗೆ ಹಿಡಿದು ಓಡಿದೆ. “ಕುಡಿಸಬ್ಯಾಡ, ಉಸಿರ ಸಿಗವಲ್ದು ಆಕಿಗೆ,” ಅಂತ ಅಪ್ಪ ನನ್ನ ರಟ್ಟೆ ಹಿಡಿದೆಳೆದರು. ಗೆಳತಿಯೊಬ್ಬಳು ಬ್ಯಾಗು ತಡಕಾಡಿ ಅವಳ ಉಬ್ಬಸದ ಪಂಪು ತೆಗೆದು ಬಾಯಿಗಿಟ್ಟಳು. ಉಬ್ಬಸವಿತ್ತಂತೆ ಅವ್ವಾ, ಮೊದಲಿನಿಂದಲೂ. ಆಟೋದಲ್ಲಿ ರಾಮದಾಸಪೇಠಿನ ಆಸ್ಪತ್ರೆ ತಲುಪುವವರೆಗೆ ಅವಳ ತಲೆ ನನ್ನ ತೊಡೆಯ ಮೇಲಿತ್ತು. ತುಟಿಯ ಬಣ್ಣ ಬದಲಾಗುತ್ತಿತ್ತು. ನಾನು ದೇವರನ್ನು ಕರೆಯಲಿಲ್ಲ, ನಿನ್ನನ್ನು ಕರೆದೆ. ಹುಡುಗಿ ಹೋಗಿಬಿಟ್ಟರೆ ನಿನ್ನ ಹೆಸರಿನ ಹಾಡು ಅವಳನ್ನು ಕೊಂದ ಹಾಗೆ, ಅದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಮರುದಿನ ನೋಡಲು ಹೋದೆ. ಬಾಗಿಲಲ್ಲೇ ನಿಂತೆ, ಒಳಗೆ ಹೋಗಲು ಧೈರ್ಯ ಸಾಲಲಿಲ್ಲ. ಡಾಕ್ಟರು ಅಪಾಯ ದಾಟಿತು ಅಂದಿದ್ದರು, ಆದರೆ ಮುಖಕ್ಕೆ ಆಕ್ಸಿಜನ್ ಮಾಸ್ಕು ಇನ್ನೂ ಇತ್ತು. ಅವಳ ತಾಯಿ ಎದ್ದು ಬಂದರು.

“ಗಾನಾ ತುಮ್ಹೀ ಲಿಹಿಲಂ?” ಅಂದರು. ನೀವೇ ಬರೆದದ್ದಾ ಅಂತ.

ತಲೆ ಆಡಿಸಿದೆ. ಕಪಾಳಕ್ಕೆ ಹೊಡೆದಿದ್ದರೂ ನಿಂತು ಹೊಡೆಸಿಕೊಳ್ಳುತ್ತಿದ್ದೆ. ಅವರು ಹೊಡೆಯಲಿಲ್ಲ, ಮಗಳ ಕೈ ತೋರಿಸಿದರು. ಕಣ್ಣು ಮುಚ್ಚಿದ್ದ ಸಾಯಲಿ ಹಾಸಿಗೆಯ ಮೇಲೆ ಬೆರಳಿನಿಂದ ಬಡಿಯುತ್ತಿದ್ದಳು. ನನ್ನ ತಾಳ. “ರಾತ್ರಿಯೆಲ್ಲ ಹೀಗೇ. ತಲೆಯಿಂದ ಹೋಗುತ್ತಿಲ್ಲವಂತೆ,” ಅಂದರು ಅವರು ಹಿಂದಿಯಲ್ಲಿ.

ಅದಕ್ಕಿಂತ ಹೆಚ್ಚು ನಾನು ಯಾವುದಕ್ಕೂ ಹೆದರಿಲ್ಲ. ಬಾಯಲ್ಲಿ ನಿಲ್ಲಬೇಕು ಅಂತ ಹಟ ಹಿಡಿದು ಬರೆದ ಸಾಲು, ಉಸಿರಿಗೆ ಒದ್ದಾಡುವ ಹುಡುಗಿಯ ತಲೆಯಲ್ಲೂ ನಿಂತಿತ್ತು. ಆದರೂ ನೋಡುತ್ತ ನಿಂತೆ. ಐದು ಸಾಲು ಬಡಿಯುತ್ತಾಳೆ, ಬೆರಳು ನಿಲ್ಲುತ್ತದೆ, ನಾಲ್ಕು ಬಡಿತದಷ್ಟು ಹೊತ್ತು ಸುಮ್ಮನಿರುತ್ತದೆ, ಮತ್ತೆ ಮೊದಲಿನಿಂದ ಶುರು. ಎಣ್ಣೆಯ ಸದ್ದಿನ ಜಾಗ ಅದು. ಎಣ್ಣೆಗೆ ಜಾಗ ಬಿಟ್ಟಿದ್ದೆ ಅವ್ವಾ, ನಿನ್ನ ಮಜ್ಜಿಗೆಗೆ ಬಿಟ್ಟಿರಲಿಲ್ಲ.

ಪಲ್ಲವಿ ವಿಡಿಯೋವನ್ನು ಅಷ್ಟರಲ್ಲೇ ಅಳಿಸಿದ್ದಳು. ಏನು ಬಂತು? ಊರಿನ ಹುಡುಗರು ಅದೇ ದನಿ ಹಾಕಿ ಎಷ್ಟೋ ವಿಡಿಯೋ ಮಾಡಿಟ್ಟಿದ್ದರು. “ಮತ್ತ ತಿನಬ್ಯಾಡ್ರಿ ಅಂತ ಒಂದ ಹಾಡ ಬರಿ,” ಅಂದರು ಅಪ್ಪ. ಬುದ್ಧಿ ಹೇಳುವ ಹಾಡನ್ನು ಯಾರು ಹಾಡುತ್ತಾರೆ? ಬಾಯಿಗೆ ಹತ್ತಿದ್ದನ್ನು ಕಿತ್ತುಕೊಳ್ಳಲು ಆಗುವುದಿಲ್ಲ, ಅದರ ಹಿಂದೆ ಇನ್ನೊಂದನ್ನು ಜೋಡಿಸಬಹುದು ಅಷ್ಟೇ. ರಾಗ ಅದೇ, ತಾಳ ಅದೇ ಇಟ್ಟೆ. ಎಣಿಸುವ ಸಾಲನ್ನು ತೆಗೆದು ಅಷ್ಟೇ ಬಡಿತಕ್ಕೆ ‘ಏಕ್ ಖಾ, ಬೈಠ್ ಖಾ, ಧೀರೇ ಖಾ ರೇ’ ಅಂತ ಹಾಕಿದೆ, ಒಂದನ್ನೇ ಕೂತು ನಿಧಾನವಾಗಿ ತಿನ್ನು ಅಂತ. ಎಣ್ಣೆಯ ಸದ್ದು ತೆಗೆದು ಖಾಲಿ ಜಾಗಕ್ಕೆ ನಿನ್ನ ಮಿಕ್ಕರ್ಧವನ್ನು ಕೂರಿಸಿದೆ: ‘ಮಜ್ಜಿಗೆ ಪೀ ರೇ ಪೀ’. ಐದನೆಯದನ್ನು ಒಬ್ಬಳೇ ಹಾಡಿದೆ, ಆರನೆಯದನ್ನು ಕ್ವಾರ್ಟರ್ಸಿನ ಹೆಂಗಸರೆಲ್ಲ ಸೇರಿ ಕೂಗಿದರು. ಒಬ್ಬರು ಕರೆದರೆ ಹತ್ತು ಜನ ಓಗೊಡಬೇಕು, ಆಗಲೇ ಅರ್ಧಕ್ಕೆ ನಿಲ್ಲಿಸಿದವನಿಗೆ ಬಾಯಿ ತುರಿಸುತ್ತದೆ. ಅರ್ಥ ತಿಳಿಯದವರಿಗೆ ವಿಡಿಯೋದಲ್ಲಿ ಅದೇ ಬಡಿತಕ್ಕೆ ಲೋಟ ಕಾಣಿಸುತ್ತದೆ.

ಹೊಸ ವಿಡಿಯೋ ಹೊರಗೆ ಬಿಟ್ಟ ಮೇಲೂ ನಿದ್ದೆ ಬರಲಿಲ್ಲ. ನಿನ್ನೆ ಸಂಜೆ ಒಂದು ಗುಂಪು ಬಂತು, ಫೋನ್ ಎತ್ತಿತು, ಒಬ್ಬ ಎದೆ ಸೆಟೆಸಿ “ಪಾನಿ ಮತ್ ಮಾಂಗ್ ರೇ” ಅಂದ. ನಾನು ಬಾಯಿ ತೆರೆಯುವ ಮೊದಲೇ ಸಾಲಿನಲ್ಲಿ ನಿಂತವರು, ಯಾರೋ ಏನೋ, ಒಟ್ಟಿಗೆ “ಮಜ್ಜಿಗೆ ಪೀ ರೇ ಪೀ” ಅಂದರು. ಹುಡುಗ ಪೆಚ್ಚಾಗಿ ನಕ್ಕು ಲೋಟಕ್ಕೆ ಕೈ ಚಾಚಿದ. ಈಗ ಒಂದು ಗುಟುಕು ಕುಡಿಯದೆ ಯಾರಿಗೂ ಮಿರ್ಚಿ ಕೊಡುವುದಿಲ್ಲ. ಉಬ್ಬಸ ಇದೆಯಾ ಅಂತಲೂ ಕೇಳುತ್ತೇನೆ. ಬೈಯುತ್ತಾರೆ, ಬೈಯಲಿ.

ಈ ಬೆಳಿಗ್ಗೆ ಫೋನಿನಲ್ಲಿ ಸಾಯಲಿಯ ತಾಯಿಯ ಹೆಸರು ಕಂಡು ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಮತ್ತೆ ಏನಾಯಿತೋ, ದೂರು ಕೊಟ್ಟರೋ... ಫೋನ್ ರಿಂಗಾಗುತ್ತಲೇ ಇತ್ತು, ಎತ್ತಲಿಕ್ಕೆ ಆಗಲಿಲ್ಲ. ಅಪ್ಪನೇ ಎತ್ತಿ ನನ್ನ ಕಿವಿಗೆ ಹಿಡಿದರು. ಹುಡುಗಿ ಕಾಲೇಜಿಗೆ ಹೊರಟಿದ್ದಾಳಂತೆ. ಅಡುಗೆಮನೆಯಲ್ಲಿ ದಿನವೂ ಅದನ್ನೇ ಹಾಡುತ್ತಾಳಂತೆ, ಹೊಸದನ್ನು, ಪೂರ್ತಿಯಾಗಿ. ಆಮೇಲೆ ಅವರು ಕೇಳಿದರು: “ತಾಯಿ, ತುಮಚಂ ತೇ ಮಜ್ಜಿಗೆ ಕಸಂ ಕರತಾತ?”

ಅಕ್ಕಾ, ನಿಮ್ಮ ಆ ಮಜ್ಜಿಗೆ ಹೇಗೆ ಮಾಡುತ್ತಾರೆ ಅಂತ. ಹೇಳಿಕೊಟ್ಟೆ ಅವ್ವಾ. ಶುಂಠಿ ಜಜ್ಜುವುದು, ಕರಿಬೇವು ಹರಿದು ಹಾಕುವುದು, ಉಪ್ಪು ಕಡೆಗೆ. ಅವರು ಕೇಳುತ್ತಾ ಹೂಂ ಅನ್ನುತ್ತಿದ್ದರು. ಫೋನ್ ಇಟ್ಟು ಗಾಡಿಯ ಹಿಂದೆ ಕುಳಿತು ಅತ್ತೆ. ನೀನು ಹೋದ ದಿನ ಕೂಡ ಅಷ್ಟು ಅತ್ತಿರಲಿಲ್ಲ.

ನಿನ್ನ ಹೆದರುಪುಕ್ಕಿ,
ಶಕ್ಕೂ